ಹುದ್ದೆ ಮತ್ತು ಅವಧಿ

ಇಚಲಕರಂಜಿಯಲ್ಲಿ ಪವರ್‌ಲೂಮಿನ ಸದ್ದು ಕೇಳಿಸದ ಓಣಿ ಎಷ್ಟು ದುರ್ಲಭವೋ, ಡಿ.ಕೆ.ಟಿ.ಇ. ಸಂಸ್ಥೆಯ ಜವಳಿ ಕಾಲೇಜಿನ ವಿದ್ಯಾರ್ಥಿಗಳು ರಜೆಯಲ್ಲಿ ತರಬೇತಿಗೆಂದು ಬಂದುಹೋಗದ ದೊಡ್ಡ ಕಾರಖಾನೆಯೂ ಅಷ್ಟೇ ದುರ್ಲಭವೆಂದು ಹೇಳಬಹುದು. ಅವರು ಬರುತ್ತಾರೆ, ಕಲಿಯುತ್ತಾರೆ, ಹೋಗುತ್ತಾರೆ. ಕಚೇರಿಯಲ್ಲಿ ಉಳಿಯುವುದು ಹಾಜರಿ ಪುಸ್ತಕದ ಒಂದು ಸಾಲು ಮಾತ್ರ. ನಾನು ಕಾಗದಪತ್ರ ನೋಡುತ್ತಿದ್ದ ಕಾರಖಾನೆಗೆ ಹಲಕರ್ಣಿಯ ಕಡೆಯ ಕನ್ನಡ ಮನೆತನದ ಹುಡುಗಿಯೊಬ್ಬಳ ತಂದೆ ಬಂದು, ಮಗಳ ಮುಂದಿನ ವ್ಯಾಸಂಗಕ್ಕೆ ಶಿಫಾರಸು ಪತ್ರ ಬೇಕೆಂದು ಕೇಳಿದಾಗ ನನ್ನ ಮುಂದಿದ್ದುದೂ ಅಂಥದೇ ಒಂದು ಸಾಲು: ತರಬೇತಿ ವಿದ್ಯಾರ್ಥಿನಿ, ಬಟ್ಟೆ ತಪಾಸಣೆ ವಿಭಾಗ, ಮೇ 15ರಿಂದ ಜುಲೈ 14ರವರೆಗೆ. ಅವಳಿಗೆ ಕೆಲಸ ಕಲಿಸಿದ ಮೇಲ್ವಿಚಾರಕರು ಊರು ಬಿಟ್ಟು ಸೂರತ್ತಿಗೆ ಹೋಗಿದ್ದರು. ನಾನು ಅವಳ ಮುಖವನ್ನೂ ಸರಿಯಾಗಿ ಕಂಡವನಲ್ಲ.

"ಭಾಳ ಹುಶಾರ ಅದಾಳ, ಕಷ್ಟ ಮಾಡತಾಳ ಅಂತ ನಾಕ ಮಾತ ಛಲೋ ಬರದ ಕೊಡ್ರಿ ಸಾಹೇಬ್ರ, ಬರಿಯಾಕ ಏನ ಖರ್ಚ ಐತಿ?" ಎಂದರು ಆ ಸಜ್ಜನರು.

ಖರ್ಚೇನೋ ಇಲ್ಲ. ಆದರೆ ಇಂಥ ಪತ್ರಗಳನ್ನು ವರ್ಷವರ್ಷವೂ ಓದುವ ಪ್ರಾಧ್ಯಾಪಕರು, ಯಾವ ಘಟನೆಯ ಆಧಾರವೂ ಇಲ್ಲದ ವಿಶೇಷಣಗಳನ್ನು ಕಂಡೊಡನೆ ಅವನ್ನು ದಾಟಿ ಮುಂದಕ್ಕೆ ಹೋಗುತ್ತಾರೆ. ಒಂದು ವೇಳೆ ದೂರವಾಣಿಯಲ್ಲಿ 'ನೀವು ಅವಳ ಯಾವ ಕೆಲಸವನ್ನು ನೋಡಿದ್ದೀರಿ?' ಎಂದು ಕೇಳಿದರೆ, ನಿರುತ್ತರನಾದ ನನ್ನಿಂದಾಗಿ ಸತ್ಯವಾದ ತಾರೀಖುಗಳ ಮೇಲೂ ಸಂಶಯದ ನೆರಳು ಬೀಳುವುದು. ಇಂಗ್ಲೆಂಡಿನ ಅಂದಿನ ಅತ್ಯುಚ್ಚ ನ್ಯಾಯಪೀಠವು 1994ರಲ್ಲಿ, ಹಿಂದಿನ ನೌಕರನ ವಿಷಯದಲ್ಲಿ ಪತ್ರ ಬರೆಯುವ ಮಾಲಿಕನು ಆ ನೌಕರನ ಹಿತದ ದೃಷ್ಟಿಯಿಂದಲೂ ಎಚ್ಚರ ವಹಿಸಬೇಕಾದವನು ಎಂದು ತೀರ್ಮಾನಿಸಿತು. ಅಲ್ಲಿನ ಅನೇಕ ಸಂಸ್ಥೆಗಳು ಈಗ ಹುದ್ದೆ ಮತ್ತು ಅವಧಿಗಳಾಚೆ ಒಂದು ಶಬ್ದವನ್ನೂ ಬರೆಯುವುದಿಲ್ಲ. ಅಷ್ಟು ಜಿಪುಣತನವೂ ನನಗೆ ಒಪ್ಪಿಗೆಯಲ್ಲ.

ಏಕೆಂದರೆ ಹುದ್ದೆಯ ಹೆಸರೊಳಗೇ ಹೇಳಬಹುದಾದುದು ಬಹಳಷ್ಟು ಅಡಗಿರುತ್ತದೆ. ತರಬೇತಿ ವಿದ್ಯಾರ್ಥಿನಿ ಎಂದರೆ ಓದುವವರಿಗೆ ಏನೂ ಗೊತ್ತಾಗದು. ತಪಾಸಣೆ ವಿಭಾಗದಲ್ಲಿ ಏನು ನಡೆಯುತ್ತದೆಂಬುದನ್ನು ಕಾರಖಾನೆ ನಿಶ್ಚಯವಾಗಿ ಬಲ್ಲದು. ಅಲ್ಲಿ ಕೋರಾ ಬಟ್ಟೆಯನ್ನು ಕೆಳಗಿನಿಂದ ಬೆಳಕು ಬೀಳುವ ಮೇಜಿನ ಮೇಲೆ ಹರಿಯಬಿಟ್ಟು, ಹಾಸು ಹೊಕ್ಕುಗಳ ದೋಷಗಳನ್ನು ಗುರುತಿಸಿ ಅಂಕ ಹಾಕುತ್ತಾರೆ: ದೋಷವು 3 ಇಂಚಿನೊಳಗಿದ್ದರೆ ಒಂದು, 6ರೊಳಗೆ ಎರಡು, 9ರೊಳಗೆ ಮೂರು, ಅದಕ್ಕೂ ಮಿಗಿಲಾದರೆ ನಾಲ್ಕು, ಒಂದು ಗಜದಲ್ಲಿ ಎಷ್ಟೇ ದೋಷಗಳಿರಲಿ, ನಾಲ್ಕಕ್ಕಿಂತ ಹೆಚ್ಚು ಅಂಕವಿಲ್ಲ. ಇದನ್ನು ಬರೆಯಬಹುದು, ಆದರೆ ವಾಕ್ಯದ ಕರ್ತೃಪದದ ಮೇಲೆ ಕಣ್ಣಿರಬೇಕು. 'ಈ ವಿಭಾಗದ ತರಬೇತಿಯವರಿಗೆ ಇಂಥ ಕೆಲಸವನ್ನು ವಹಿಸಲಾಗುತ್ತದೆ' ಎಂಬುದು ನಾನು ಬಲ್ಲ ಸಂಗತಿ. 'ಅವಳು ಅದನ್ನು ದಕ್ಷತೆಯಿಂದ ಮಾಡಿದಳು' ಎಂಬುದು ನಾನು ಕಾಣದ ಸಂಗತಿ.

ತಾರೀಖಿನ ವಿಷಯದಲ್ಲಿಯೂ 'ಎರಡು ತಿಂಗಳು' ಎಂದು ಬರೆದು ಮುಗಿಸುವುದು ಸಲ್ಲದು. ಅರ್ಜಿಯಲ್ಲಿ ಹುಡುಗಿಯು ನೆನಪಿನಿಂದ ಆಗಸ್ಟ್ ಎಂದು ತುಂಬಿದ್ದರೆ, ಆರಂಭ ಮತ್ತು ಅಂತ್ಯದ ದಿನಗಳನ್ನು ಬರೆದಾಗಲೇ ಆ ವ್ಯತ್ಯಾಸ ಮೊದಲೇ ಕಣ್ಣಿಗೆ ಬಿದ್ದು, ಸರಿಪಡಿಸಲು ಅವಕಾಶವಾಗುವುದು. ಎಲ್ಲಕ್ಕಿಂತ ಕಠಿಣವಾದುದು ಮೌನದ ಪ್ರಶ್ನೆ: ಗುಣದ ಬಗ್ಗೆ ಏನನ್ನೂ ಹೇಳದ ಪತ್ರವನ್ನು ಓದಿದವರು, ಹೇಳುವಂಥದೇನೂ ಇರಲಿಲ್ಲವೆಂದು ತಿಳಿಯಬಹುದು. ಆದುದರಿಂದ ಮೌನಕ್ಕೆ ಕಾರಣವನ್ನು ಪತ್ರದೊಳಗೇ ಹೇಳತಕ್ಕದ್ದು.

ಕಡೆಗೆ ಬರೆದ ಪತ್ರದ ಒಕ್ಕಣೆ ಇದು:

"ಈ ವಿದ್ಯಾರ್ಥಿನಿಯು ಮೇ 15ರಿಂದ ಜುಲೈ 14ರವರೆಗೆ ನಮ್ಮ ಬಟ್ಟೆ ತಪಾಸಣೆ ವಿಭಾಗದಲ್ಲಿ ತರಬೇತಿಯಲ್ಲಿದ್ದರೆಂದು ಕಚೇರಿಯ ಹಾಜರಿ ಪುಸ್ತಕದಿಂದ ದೃಢಪಡಿಸುತ್ತೇನೆ. ಈ ವಿಭಾಗದ ತರಬೇತಿಯವರಿಗೆ ಕೋರಾ ಬಟ್ಟೆಯ ದೋಷಗಳನ್ನು ಗುರುತಿಸಿ ಅಂಕ ಹಾಕುವ ಕೆಲಸವನ್ನು ಸಾಮಾನ್ಯವಾಗಿ ವಹಿಸಲಾಗುತ್ತದೆ. ನಾನು ಅವರ ಕೆಲಸವನ್ನು ಸ್ವತಃ ನೋಡಿದವನಲ್ಲ, ನೋಡಿದ ಮೇಲ್ವಿಚಾರಕರು ಈಗ ಇಲ್ಲಿಲ್ಲ. ಆದಕಾರಣ ಯೋಗ್ಯತೆಯ ಬಗ್ಗೆ ಇಲ್ಲಿ ಏನನ್ನೂ ಬರೆದಿಲ್ಲ, ಇದನ್ನು ಪ್ರತಿಕೂಲವೆಂದು ಭಾವಿಸಬಾರದು."

ತಂದೆಯವರು ಓದಿಸಿ ಕೇಳಿ, "ಇಷ್ಟ ಏನ್ರಿ?" ಎಂದರು. ಅವರ ಮುಖದ ನಿರಾಶೆ ನ್ಯಾಯವಾದುದೇ. ಮಗಳು ತರಬೇತಿಯ ಕೊನೆಗೆ ಕಾಲೇಜಿಗೆ ಒಪ್ಪಿಸಿದ ವರದಿಯೇನಾದರೂ ಮನೆಯಲ್ಲಿದೆಯೇ ಎಂದು ವಿಚಾರಿಸಿದೆ. ವಾರದ ಮೇಲೆ ಅದರ ಪ್ರತಿಯನ್ನು ತಂದರು. ಅದರಲ್ಲಿ ಹಳೆಯ ಮೇಲ್ವಿಚಾರಕರ ಸಹಿಯೂ ನಮ್ಮ ಮೊಹರೂ ಇದ್ದುದರಿಂದ, ಅವರ ಸಹಿಯುಳ್ಳ ತಪಾಸಣೆಯ ವರದಿಯೊಂದನ್ನು ಕಂಡಿದ್ದೇನೆ ಎಂಬ ಒಂದು ವಾಕ್ಯ ಪತ್ರಕ್ಕೆ ಸೇರಿತು. ಗುಣಕಥನವನ್ನು ಮಾತ್ರ, ಆ ವರದಿಯನ್ನು ತಿದ್ದಿದ ಕಾಲೇಜಿನ ಗುರುಗಳಿಂದ ಬೇರೆ ಪತ್ರವಾಗಿ ಬರೆಸಿಕೊಳ್ಳಿರೆಂದು ಹೇಳಿ, ಜಾವಕ ಸಂಖ್ಯೆ ಹಾಕಿ ಕೊಟ್ಟೆ.