ಅದೇ ಸೆಟ್ರಿಜಿನ್: ನನಗೆ ಎಚ್ಚರ, ಅಪ್ಪನಿಗೆ ತೂಕಡಿಕೆ

ನಮ್ಮ ವೈಯಾಲಿಕಾವಲ್ ಮನೆಯಲ್ಲಿ ಸೀನು ಅನ್ನೋದು ಪಿತ್ರಾರ್ಜಿತ ಆಸ್ತಿ. ಅಜ್ಜನಿಂದ ಅಪ್ಪನಿಗೆ ಬಂತು, ಅಪ್ಪನಿಂದ ನನಗೆ. ಹಳೇ ಮನೆಯ ಅಟ್ಟದ ಧೂಳು, ಆಗಾಗ ಅಗೆಯೋ ರಸ್ತೆ, ಡಿಸೆಂಬರ್‌ನಲ್ಲಿ ಸ್ಯಾಂಕಿ ಕೆರೆ ಕಡೆಯಿಂದ ಬೀಸೋ ಚಳಿಗಾಳಿ, ಇಷ್ಟು ಸಾಕು. ಹಾಗಾಗಿ ಅಡುಗೆಮನೆ ಶೆಲ್ಫಿನ ಔಷಧಿ ಡಬ್ಬಿಯಲ್ಲಿ ಸೆಟ್ರಿಜಿನ್ ಸ್ಟ್ರಿಪ್ ಯಾವಾಗಲೂ ಇರುತ್ತೆ. "ಇದು ಹೊಸ ಥರದ್ದು, ನಿದ್ದೆ ಬರಲ್ಲ" ಅಂತ ಮೆಡಿಕಲ್ ಶಾಪಿನಲ್ಲಿ ಹೇಳಿ ಕೊಡ್ತಾರೆ.

ನನ್ನ ಮಟ್ಟಿಗೆ ಅದು ನಿಜ. ರಾತ್ರಿ 10ಕ್ಕೆ ಒಂದು ನುಂಗಿದರೆ ಬೆಳಿಗ್ಗೆ ಮೂಗು ಬಿಟ್ಟಿರುತ್ತೆ, ತಲೆಯೂ ಹಗುರ. ಅದೇ ಸ್ಟ್ರಿಪ್ಪಿನ ಅದೇ 10 ಮಿ.ಗ್ರಾಂ ಮಾತ್ರೆಯನ್ನು ಅದೇ ಹೊತ್ತಿಗೆ ತಗೊಂಡ 71 ವರ್ಷದ ಅಪ್ಪ ಮಾತ್ರ ಮರುದಿನ 11 ಗಂಟೆಗೂ ಪೇಪರ್ ಎದೆ ಮೇಲಿಟ್ಟುಕೊಂಡು ತೂಕಡಿಸ್ತಿದ್ರು. "ವಯಸ್ಸಾಯ್ತು ಕಣೋ" ಅಂತ ಅವರ ಸಮಾಧಾನ. ವಯಸ್ಸಿನ ಪಾಲು ಇದೆ, ಆದರೆ ಅವರು ಅಂದುಕೊಂಡ ರೀತಿಯಲ್ಲಿ ಅಲ್ಲ.

ಮೊದಲು ನಿದ್ದೆ ಯಾಕೆ ಬರುತ್ತೆ ಅಂತ ನೋಡೋಣ. ಸೀನು, ತುರಿಕೆ, ಮೂಗಿನ ಸೋರಿಕೆ ತರೋದು ಹಿಸ್ಟಮಿನ್ ಅನ್ನೋ ರಾಸಾಯನಿಕ. ಇದೇ ಹಿಸ್ಟಮಿನ್ ಮೆದುಳಿನಲ್ಲಿ ಬೇರೆಯೇ ಕೆಲಸ ಮಾಡುತ್ತೆ, ನಮ್ಮನ್ನು ಎಚ್ಚರವಾಗಿಡುತ್ತೆ. ಅಲರ್ಜಿ ಮಾತ್ರೆ ಹಿಸ್ಟಮಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತು ಅದನ್ನು ತಡೆಯುತ್ತೆ. ಮೂಗಿನಲ್ಲಿ ತಡೆದರೆ ಸೀನು ನಿಲ್ಲುತ್ತೆ, ಮೆದುಳಿನಲ್ಲಿ ತಡೆದರೆ ಎಚ್ಚರ ತಪ್ಪುತ್ತೆ. ಹಾಗಾಗಿ ಮಾತ್ರೆ ಮೆದುಳಿನೊಳಗೆ ಹೋಗುತ್ತಾ ಇಲ್ವಾ ಅನ್ನೋದೇ ಇಲ್ಲಿ ಮುಖ್ಯ.

ಮೆದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಕೊಬ್ಬಿನಲ್ಲಿ ಕರಗುವ ವಸ್ತುಗಳು ಸಲೀಸಾಗಿ ನುಸುಳುತ್ತವೆ, ಮಿಕ್ಕವಕ್ಕೆ ಕಷ್ಟ. ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್‌ನಂಥ ಹಳೇ ಮಾತ್ರೆಗಳು ಸುಲಭವಾಗಿ ಒಳಗೆ ಹೋಗೋ ಜಾತಿ. ತುರಿಕೆಗೆ ಇವತ್ತಿಗೂ ಕೊಡೋ ಹೈಡ್ರಾಕ್ಸಿಜಿನ್ ಕೂಡ ಹಾಗೇ, ಚೆನ್ನಾಗಿ ನಿದ್ದೆ ಬರಿಸುತ್ತೆ.

ಸ್ವಾರಸ್ಯ ಏನಂದ್ರೆ, ಸೆಟ್ರಿಜಿನ್ ಈ ಹೈಡ್ರಾಕ್ಸಿಜಿನ್‌ನ ಮಗಳು. ಹೈಡ್ರಾಕ್ಸಿಜಿನ್ ನುಂಗಿದಾಗ ನಮ್ಮ ಲಿವರ್ ಅದರ ಒಂದು ತುದಿಯನ್ನು ಆಮ್ಲವಾಗಿ ಬದಲಿಸುತ್ತೆ. ಹಾಗೆ ಬದಲಾದ ವಸ್ತುವೇ ಸೆಟ್ರಿಜಿನ್. ಬೆಲ್ಜಿಯಂನ ಯುಸಿಬಿ ಕಂಪನಿ ಅದನ್ನೇ ನೇರವಾಗಿ ಮಾತ್ರೆ ಮಾಡ್ತು. ಆ ಆಮ್ಲದ ತುದಿಯಿಂದಾಗಿ ಸೆಟ್ರಿಜಿನ್ ರಕ್ತದಲ್ಲಿ ವಿದ್ಯುತ್ ಅಂಶ ಹೊತ್ತುಕೊಂಡೇ ಓಡಾಡುತ್ತೆ, ಹಾಗಾಗಿ ಕೊಬ್ಬಿನ ಗೋಡೆ ದಾಟೋದು ಅದಕ್ಕೆ ಕಷ್ಟ. ದಾಟಿದ ಅಲ್ಪಸ್ವಲ್ಪವನ್ನೂ ಗೋಡೆಯಲ್ಲಿರೋ ಪಂಪಿನಂಥ ಪ್ರೋಟೀನು ಹಿಡಿದು ಆಚೆ ತಳ್ಳುತ್ತೆ.

ಕಷ್ಟ ಅಂದ್ರೆ ಅಸಾಧ್ಯ ಅಲ್ಲ. ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ಮಾತ್ರೆ ತಗೊಂಡವರ ಮೆದುಳನ್ನು ಪೆಟ್ ಸ್ಕ್ಯಾನ್ ಮಾಡಿ, ಹಿಸ್ಟಮಿನ್ ಜಾಗಗಳಲ್ಲಿ ಎಷ್ಟು ಪಾಲನ್ನು ಮಾತ್ರೆ ಹಿಡಿದಿದೆ ಅಂತ ಅಳೆದಿದ್ದಾರೆ. ಹಳೇ ಜಾತಿಯ ಕ್ಲೋರ್‌ಫೆನಿರಮಿನ್ ಸುಮಾರು ಅರ್ಧ ಭಾಗ ಹಿಡಿದಿತ್ತು. ಸೆಟ್ರಿಜಿನ್ 10 ಮಿ.ಗ್ರಾಂ ಸುಮಾರು ಎಂಟನೇ ಒಂದು ಭಾಗ, 20 ಮಿ.ಗ್ರಾಂ ಆದರೆ ಕಾಲು ಭಾಗ. ಫೆಕ್ಸೊಫೆನಡಿನ್ ಮಾತ್ರ ಹೆಚ್ಚುಕಡಿಮೆ ಸೊನ್ನೆ. ಅಂದರೆ ಸೆಟ್ರಿಜಿನ್ ಹಳೆಯದಕ್ಕಿಂತ ಎಷ್ಟೋ ವಾಸಿ, ಆದರೆ 'ನಿದ್ದೆ ಬರಲ್ಲ' ಅನ್ನೋ ಮಾತು ಪೂರ್ತಿ ಸರಿಯಲ್ಲ. ಅಮೆರಿಕದ ಪರೀಕ್ಷೆಗಳಲ್ಲಿ 10 ಮಿ.ಗ್ರಾಂ ತಗೊಂಡ ನೂರು ಜನರಲ್ಲಿ 14 ಮಂದಿ ಮಂಪರು ಅಂದರು. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಗೊಂಡವರಲ್ಲಿ ಹಾಗಂದವರು 6 ಮಂದಿ.

ಇನ್ನು ಅಪ್ಪನ ಲೆಕ್ಕ. ಸೆಟ್ರಿಜಿನ್ ಬಹುಪಾಲು ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತೆ, ಹೊರಹಾಕೋ ಕೆಲಸ ಕಿಡ್ನಿಯದ್ದು. ನನ್ನ ವಯಸ್ಸಿನವರ ರಕ್ತದಲ್ಲಿ ಅದು ಅರ್ಧಕ್ಕಿಳಿಯೋಕೆ ಸುಮಾರು 8 ಗಂಟೆ ಬೇಕು. ರಾತ್ರಿ 10ಕ್ಕೆ ತಗೊಂಡರೆ ಬೆಳಿಗ್ಗೆ 6ಕ್ಕೆ ಅರ್ಧ, ಮಧ್ಯಾಹ್ನ 2ಕ್ಕೆ ಕಾಲು. ವಯಸ್ಸಾದವರಲ್ಲಿ ಕಿಡ್ನಿ ನಿಧಾನವಾಗುತ್ತೆ, ಆ 8 ಗಂಟೆ ಸುಮಾರು 12 ಆಗುತ್ತೆ. ಅಂದರೆ ಬೆಳಿಗ್ಗೆ 10ಕ್ಕೆ ಅಪ್ಪನ ಮೈಯಲ್ಲಿ ಇನ್ನೂ ಅರ್ಧ ಮಾತ್ರೆ ಇದೆ. ರಾತ್ರಿ ಮುಂದಿನದನ್ನು ನುಂಗೋ ಹೊತ್ತಿಗೂ ಕಾಲು ಭಾಗ ಉಳಿದಿರುತ್ತೆ, ಅದರ ಮೇಲೆ ಹೊಸದು ಸೇರುತ್ತೆ. ಕಿಡ್ನಿ ಸಾಕಷ್ಟು ಕೆಟ್ಟಿರುವವರಲ್ಲಿ ಈ ಅವಧಿ ಮೂರು ಪಟ್ಟೂ ಆಗಬಹುದು.

ಡಾಕ್ಟರು ಅಪ್ಪನ ಕ್ರಿಯಾಟಿನಿನ್ ರಿಪೋರ್ಟ್ ನೋಡಿದ ಮೇಲೆ ಕೇಳಿದ ಪ್ರಶ್ನೆ, "ಯಜಮಾನ್ರೇ, ನೆಗಡಿಗೆ ಬೇರೆ ಏನಾದ್ರೂ ತಗೋತೀರಾ?" ಅಪ್ಪ ಜೇಬಿನಿಂದ ಇನ್ನೊಂದು ಸ್ಟ್ರಿಪ್ ತೆಗೆದ್ರು, "ಇದು ಬರೀ ನೆಗಡಿ ಮಾತ್ರೆ ಸಾರ್" ಅಂತ. ಡಾಕ್ಟರು ಅದರ ಹಿಂದಿನ ಸಣ್ಣ ಅಕ್ಷರ ಓದಿ ತೋರಿಸಿದರು: ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್. ಮೂರನೆಯದು ಅದೇ ಹಳೇ ಜಾತಿ. ಅದು ಅರ್ಧಕ್ಕಿಳಿಯೋಕೆ ಸುಮಾರು ಒಂದು ದಿನ ಬೇಕಾಗುತ್ತೆ. ಹೊಸ ಮಾತ್ರೆ ತಗೋತಿದ್ದೀವಿ ಅಂದ್ಕೊಂಡು ಎಷ್ಟೋ ಜನ ಹಳೆಯದನ್ನೂ ಜೊತೆಗೆ ನುಂಗ್ತಿರೋದು ಹೀಗೆ. ನೆಗಡಿ ಮಾತ್ರೆ ನಿಲ್ಲಿಸಿ, ಸೆಟ್ರಿಜಿನ್ 5 ಮಿ.ಗ್ರಾಂಗೆ ಇಳಿಸಿದ ಮೇಲೆ ಒಂದು ವಾರದಲ್ಲಿ ಅಪ್ಪ ಪೇಪರನ್ನು ಪದಬಂಧದ ತನಕ ಓದೋಕೆ ಶುರು ಮಾಡಿದ್ರು.

ಹಾಗಂತ ನಮ್ಮ ವಯಸ್ಸಿನವರು ಪೂರ್ತಿ ಪಾರು ಅಂತಲ್ಲ. ಸೆಟ್ರಿಜಿನ್ ಜೊತೆ ವೀಕೆಂಡಿನ ಒಂದು ಬಿಯರ್, ನಿದ್ದೆ ಮಾತ್ರೆ ಅಥವಾ ನರದ ನೋವಿನ ಮಾತ್ರೆ ಸೇರಿದರೆ ಮಂಪರು ಜಾಸ್ತಿಯಾಗುತ್ತೆ. 'ಲೆವೊ' ಅಂತ ಶುರುವಾಗೋ ಲೆವೊಸೆಟ್ರಿಜಿನ್ ಬೇರೆಯೇ ಔಷಧಿ ಅಂತ ಆಫೀಸಿನಲ್ಲಿ ಹಲವರು ನಂಬಿದ್ದಾರೆ. ಅದು ಸೆಟ್ರಿಜಿನ್‌ನ ಕೆಲಸ ಮಾಡೋ ಅರ್ಧ ಭಾಗ, ಅದಕ್ಕೇ 5 ಮಿ.ಗ್ರಾಂ. ಒಂದರಲ್ಲಿ ತೂಕಡಿಸೋರು ಇನ್ನೊಂದರಲ್ಲೂ ತೂಕಡಿಸಬಹುದು. ಇನ್ನೊಂದು ಕಾರಣ ಯಾರಿಗೂ ಹೊಳೆಯಲ್ಲ: ರಾತ್ರಿಯಿಡೀ ಮೂಗು ಕಟ್ಟಿ ನಿದ್ದೆ ಕೆಟ್ಟಿದ್ದರೆ ಮಾತ್ರೆ ಇಲ್ಲದೆಯೂ ಹಗಲು ಮಂಪರು ಬರುತ್ತೆ. ಮಾತ್ರೆ ತಗೊಳ್ಳದ ದಿನವೂ ಆಕಳಿಕೆ ಅಷ್ಟೇ ಇದ್ರೆ, ತಪ್ಪು ಮಾತ್ರೆಯದ್ದಲ್ಲ ಅಂತ ತಿಳೀಬಹುದು.

ಎಚ್ಚರವಾಗಿದ್ದೀನಿ ಅಂತ ನಮಗನಿಸೋದಕ್ಕೂ ಕೈ ಬ್ರೇಕ್ ಹಿಡಿಯೋ ವೇಗಕ್ಕೂ ಯಾವಾಗಲೂ ತಾಳೆಯಾಗಲ್ಲ, ಅದರಲ್ಲೂ ಹಳೇ ಮಾತ್ರೆಗಳಲ್ಲಿ. ಆದ್ದರಿಂದ ಯಾವುದೇ ಅಲರ್ಜಿ ಮಾತ್ರೆಯ ಮೊದಲ ಡೋಸನ್ನು ಗಾಡಿ ಓಡಿಸಬೇಕಿಲ್ಲದ ರಾತ್ರಿ ತಗೊಂಡು, ಮಾರನೇ ದಿನ ಹೇಗಿರುತ್ತೆ ನೋಡೋದು ಒಳ್ಳೇದು. ಸೆಟ್ರಿಜಿನ್ ನಿಮ್ಮನ್ನು ತೂಕಡಿಸುತ್ತೆ ಅಂತಾದರೆ ಡಾಕ್ಟರ ಹತ್ರ ಫೆಕ್ಸೊಫೆನಡಿನ್ ಬಗ್ಗೆ ಕೇಳಿ. ಅದಕ್ಕೂ ಒಂದು ಕರಾರಿದೆ. ಆ್ಯಪಲ್ ಅಥವಾ ಕಿತ್ತಳೆ ಜ್ಯೂಸ್ ಜೊತೆ ನುಂಗಿದರೆ ಅದು ಸರಿಯಾಗಿ ರಕ್ತಕ್ಕೆ ಸೇರಲ್ಲ. ಜ್ಯೂಸ್ ಬೇರೆ ಹೊತ್ತಿಗಿರಲಿ, ಮಾತ್ರೆಗೆ ಒಂದು ಲೋಟ ನೀರೇ ಸಾಕು.