ಸರ್ ಸುಮ್ಮನಿದ್ದರೆ ಹೌದೋ, ಬೇಡವೋ?

ನಮ್ಮ ಬ್ಯೂರೋ ಮುಖ್ಯಸ್ಥರು ಕೆಟ್ಟವರಲ್ಲ. ಬೈಯುವುದಿಲ್ಲ, ಕೂಗಾಡುವುದಿಲ್ಲ. ಆದರೆ ಮಾತು ತೀರಾ ಕಡಿಮೆ. ವಾರಪೂರ್ತಿ ಅವರಿಂದ ನಮಗೆ ಬರುತ್ತಿದ್ದ ಮಾತುಗಳನ್ನು ಒಂದು ಕೈಯಲ್ಲಿ ಎಣಿಸಬಹುದಿತ್ತು. ‘ನೋಡಿ’, ‘ಕಳಿಸಿ’, ‘ಆಯ್ತು’. ಉಳಿದದ್ದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಹೆಬ್ಬೆರಳು, ಇಲ್ಲವೇ ಬರೀ ನೀಲಿ ಟಿಕ್.

ನಾವು ನಾಲ್ಕು ಜನ. ಒಬ್ಬರು ಜಿಲ್ಲಾ ಕೇಂದ್ರದಲ್ಲಿ, ಮೂವರು ತಾಲ್ಲೂಕುಗಳಲ್ಲಿ. ನಾವು ಪತ್ರಿಕೆಯ ನೌಕರರಲ್ಲ, ಸ್ಟ್ರಿಂಗರ್‌ಗಳು. ಸಂಬಳ ಇಲ್ಲ. ಅಚ್ಚಾದ ಸುದ್ದಿಗೆ, ಅಚ್ಚಾದ ಫೋಟೊಗೆ ತಿಂಗಳಿಗೊಮ್ಮೆ ಲೆಕ್ಕ. ಬೈಕು ನಮ್ಮದು, ಪೆಟ್ರೋಲು ನಮ್ಮದು, ಫೋನಿನ ಕರೆನ್ಸಿಯೂ ನಮ್ಮದೇ. ಹಾಗಾಗಿ ಸರ್ ಏನೂ ಹೇಳದೆ ಇದ್ದರೆ ನಮಗೆ ಅದು ಬರೀ ಬೇಜಾರಿನ ವಿಷಯ ಆಗಿರುತ್ತಿರಲಿಲ್ಲ. ಮೂವತ್ತು ಕಿಲೋಮೀಟರ್ ದೂರದ ಹಳ್ಳಿಗೆ ಹೋಗಬೇಕೋ ಬೇಡವೋ ಅನ್ನುವುದು ಅದರ ಮೇಲೆ ನಿಂತಿತ್ತು.

ಆ ಹೆಬ್ಬೆರಳಿನ ಬಗ್ಗೆ ನಮ್ಮನಮ್ಮಲ್ಲೇ ಚರ್ಚೆ ನಡೆಯುತ್ತಿತ್ತು. ಒಬ್ಬರು ‘ಓದಿದೆ ಅಂತ ಅರ್ಥ’ ಅಂದರೆ, ಇನ್ನೊಬ್ಬರು ‘ನಾಳೆ ಬರುತ್ತೆ ಅಂತ ಅರ್ಥ’ ಅನ್ನುತ್ತಿದ್ದರು. ಏನೂ ಬಾರದಿದ್ದರೆ ಇನ್ನೂ ಕಷ್ಟ. ಬೇಡ ಅಂತಲೋ, ನೋಡಿಲ್ಲ ಅಂತಲೋ, ನಿಮಗೆ ತಿಳಿದ ಹಾಗೆ ಮಾಡಿ ಅಂತಲೋ?

ಇದರ ಕಾರಣ ತಿಳಿದದ್ದು ನಮ್ಮಲ್ಲೊಬ್ಬರು ಬೇರೆ ಕೆಲಸಕ್ಕೆಂದು ಇಡೀ ದಿನ ಬ್ಯೂರೋದಲ್ಲಿ ಕೂತಾಗ. ಬೆಳಿಗ್ಗೆ ಸರ್ ಬೇರೆ ಪತ್ರಿಕೆಗಳನ್ನು ನೋಡಿ, ನಮಗೆ ತಪ್ಪಿದ ಸುದ್ದಿ ಯಾವುದು ಎಂದು ಗುರುತು ಹಾಕಿದರು. ಆಮೇಲೆ ಕೇಂದ್ರ ಕಚೇರಿಯ ಫೋನು. ಮಧ್ಯಾಹ್ನ ಅವರೇ ಜಿಲ್ಲಾಧಿಕಾರಿ ಕಚೇರಿಯ ಸಭೆಗೆ ಹೋದರು. ಸಂಜೆ 4 ಗಂಟೆ ದಾಟಿದ ಮೇಲೆ ಜಾಹೀರಾತು ವಿಭಾಗದಿಂದ ಡಮ್ಮಿ ಬಂತು. ಡಮ್ಮಿ ಅಂದರೆ ಯಾವ ಪುಟದಲ್ಲಿ ಯಾವ ಜಾಹೀರಾತು ಎಷ್ಟು ಜಾಗ ತಿನ್ನುತ್ತದೆ ಎಂದು ತೋರಿಸುವ ನಕ್ಷೆ. ಅದು ಬಂದ ಮೇಲೆಯೇ ಜಿಲ್ಲಾ ಪುಟದಲ್ಲಿ ಸುದ್ದಿಗೆ ಎಷ್ಟು ಜಾಗ ಉಳಿದಿದೆ ಎಂದು ಅವರಿಗೂ ಗೊತ್ತಾಗುವುದು. ಸಂಜೆ 7.30ರ ಹೊತ್ತಿಗೆ ಪುಟ ಮುಗಿಯಬೇಕು.

ಅಂದರೆ ಬೆಳಿಗ್ಗೆ 10 ಗಂಟೆಗೆ ‘ಸರ್, ಎಷ್ಟು ದೊಡ್ಡದು ಬರೆಯಲಿ?’ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವೇ ಇರಲಿಲ್ಲ. ಉತ್ತರ ಇದ್ದ ಹೊತ್ತಿನಲ್ಲಿ ಟೈಪ್ ಮಾಡಲು ಪುರುಸೊತ್ತು ಇರಲಿಲ್ಲ. ನಾವು ‘ಹೇಳುತ್ತಿಲ್ಲ’ ಎಂದುಕೊಂಡಿದ್ದರಲ್ಲಿ ಅರ್ಧ ಭಾಗ ‘ಹೇಳಲು ಆಗುತ್ತಿಲ್ಲ’ ಎಂಬುದಾಗಿತ್ತು.

ಇದು ಗೊತ್ತಾದ ಮೇಲೆ ನಾವು ಒಂದು ಕಾಲು ಗಂಟೆ ಕೇಳಿದೆವು. ಭಾನುವಾರ ಮಧ್ಯಾಹ್ನ ಆರಿಸಿಕೊಂಡೆವು, ಅವತ್ತು ಸರ್ಕಾರಿ ಕಚೇರಿ ಇಲ್ಲ, ಸಭೆ ಇಲ್ಲ. ‘ಸರ್, ನೀವು ನಮಗೆ ಸರಿಯಾಗಿ ಹೇಳುವುದಿಲ್ಲ’ ಎಂದು ಶುರು ಮಾಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದು, ಪ್ರತಿಯೊಂದಕ್ಕೂ ನಮ್ಮ ಉತ್ತರವನ್ನೂ ಬರೆದುಕೊಂಡು ಹೋಗಿದ್ದೆವು. ಮಾತು ಕಡಿಮೆ ಇರುವವರಿಗೆ ‘ಹೇಗೆ ಮಾಡೋಣ ಸರ್?’ ಎಂಬ ಪ್ರಶ್ನೆ ಭಾರ. ‘ಹೀಗೆ ಮಾಡುತ್ತೇವೆ, ಆಗಬಹುದಾ?’ ಅಂದರೆ ಅವರು ತಿದ್ದುತ್ತಾರೆ.

ಮೊದಲನೆಯದು ಬೆಳಗಿನ ಪಟ್ಟಿ. 10.30ರೊಳಗೆ ಪ್ರತಿಯೊಬ್ಬರೂ ಅಂದಿನ ಸುದ್ದಿಗಳನ್ನು ಕಳಿಸುವುದು. ಒಂದು ಸುದ್ದಿಗೆ ಒಂದೇ ಮೆಸೇಜು, ಮೂರು ಸಾಲು ಮೀರಬಾರದು. ಇದಕ್ಕೆ ಸರ್ ಉತ್ತರ ಕೊಡಬೇಕಿಲ್ಲ.

ಎರಡನೆಯದು ಸಂಜೆಯ ಉತ್ತರ. ಡಮ್ಮಿ ಬಂದ ಮೇಲೆ, 5 ಗಂಟೆಯೊಳಗೆ, ಪ್ರತಿ ಸುದ್ದಿಗೂ ಅವರು ಒಂದು ಮಾತು ಹೇಳಬೇಕು ಎಂದು ಕೇಳಿದೆವು. ಅವರು ತಲೆ ಆಡಿಸಿ, ‘ಮಾತು ಬೇಡ, ನಂಬರ್ ಹಾಕ್ತೀನಿ’ ಅಂದರು. ಅಲ್ಲೇ ಕೂತು ನಂಬರಿಗೆ ಅರ್ಥ ಕೊಟ್ಟೆವು. 1 ಅಂದರೆ ಚಿಕ್ಕದು, ಎಂಬತ್ತು ಪದ. 2 ಅಂದರೆ ಇನ್ನೂರು ಪದ, ಜೊತೆಗೆ ಫೋಟೊ. 3 ಅಂದರೆ ಇವತ್ತು ಬೇಡ, ತಡೆಹಿಡಿಯಿರಿ.

ಮೂರನೆಯದು ಮೌನ. ನಮಗೆ ಎಲ್ಲಕ್ಕಿಂತ ಮುಖ್ಯವಾಗಿದ್ದದ್ದು ಇದೇ. 5 ಗಂಟೆಯಾದರೂ ನಂಬರ್ ಬಾರದಿದ್ದರೆ? ಜಾತ್ರೆ, ಶಾಲೆಯ ಕಾರ್ಯಕ್ರಮ, ಕುಡಿಯುವ ನೀರಿನ ತೊಂದರೆ, ಮಳೆ, ಮಾರುಕಟ್ಟೆ ದರದಂತಹ ಸುದ್ದಿಯಾದರೆ ಮೌನ ಅಂದರೆ 1, ಅಂದರೆ ಎಂಬತ್ತು ಪದ ಬರೆದು ಕಳಿಸುವುದು. ಆದರೆ ಯಾರದೋ ಮೇಲೆ ಆರೋಪ ಇರುವ ಸುದ್ದಿ, ಜಾತಿ–ಧರ್ಮದ ಜಗಳ, ಮಕ್ಕಳ ಅಥವಾ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ಇವುಗಳಲ್ಲಿ ಮೌನ ಅಂದರೆ ‘ಬೇಡ’. ಅವರು ಹೂಂ ಅನ್ನುವ ತನಕ ಕಳಿಸುವಂತಿಲ್ಲ. ಒಂದೇ ಮೌನಕ್ಕೆ ಎರಡು ಅರ್ಥ. ಯಾವುದಕ್ಕೆ ಯಾವ ಅರ್ಥ ಎಂಬುದು ಮೊದಲೇ ತೀರ್ಮಾನವಾಯಿತು.

ನಾಲ್ಕನೆಯದು ಫೋನು. ಸಾವು, ಅಪಘಾತ, ಬೆಂಕಿ, ಗಲಾಟೆ, ಇಲ್ಲವೇ ಕಳಿಸಿದ ಸುದ್ದಿಯಲ್ಲಿ ಹೆಸರೋ ಅಂಕಿಯೋ ತಿದ್ದಬೇಕಾಗಿದ್ದರೆ ಯಾವ ಹೊತ್ತಿನಲ್ಲಾದರೂ ಕರೆ. ಬೇರೆ ಯಾವುದಕ್ಕೂ 4ರಿಂದ 7.30ರ ನಡುವೆ ಕರೆ ಮಾಡುವಂತಿಲ್ಲ.

ಒಂದು ಬೇಡಿಕೆಯನ್ನು ಅವರು ಒಪ್ಪಲಿಲ್ಲ. ಬಾರದ ಸುದ್ದಿ ಯಾಕೆ ಬರಲಿಲ್ಲ ಎಂದು ಹೇಳಬೇಕು ಅಂದೆವು. ‘ದಿನಾ ಕಾರಣ ಹೇಳೋಕಾಗಲ್ಲ’ ಅಂದರು. ಕೊನೆಗೆ ತಿಂಗಳ ಮೊದಲ ಭಾನುವಾರಕ್ಕೆ ಒಪ್ಪಿದರು. ಅಂದು ಒಬ್ಬೊಬ್ಬರು ಎರಡು ಬಾರದ ಸುದ್ದಿಗಳನ್ನು ಕೇಳಬಹುದು, ಎರಡಕ್ಕಿಂತ ಹೆಚ್ಚಿಲ್ಲ.

ಈ ವ್ಯವಸ್ಥೆ ಹೇಗೆ ನಡೆಯಿತು ಎಂಬುದಕ್ಕೆ ಒಂದು ಸುದ್ದಿಯ ಕತೆ ಹೇಳುತ್ತೇವೆ. ಒಂದು ಊರಿನವರು ಫೋನ್ ಮಾಡಿ, ಕೆರೆ ಹೂಳೆತ್ತುವ ನರೇಗಾ ಕೆಲಸವನ್ನು ರಾತ್ರಿ ಜೆಸಿಬಿಯಲ್ಲಿ ಮಾಡುತ್ತಿದ್ದಾರೆ ಅಂದರು. ನರೇಗಾದಲ್ಲಿ ಕೂಲಿಕಾರರ ಕೈಯ ಕೆಲಸವನ್ನು ಯಂತ್ರದಿಂದ ಮಾಡಿಸುವಂತಿರಲಿಲ್ಲ. ವಿಡಿಯೊ ಕೂಡ ಬಂತು. ಬೆಳಗಿನ ಪಟ್ಟಿಯಲ್ಲಿ ನಾವು ಹಾಕಿದ ಮೆಸೇಜು ಇಷ್ಟು:

‘ಕೆರೆ ಹೂಳು, ನರೇಗಾ. ರಾತ್ರಿ ಜೆಸಿಬಿ ವಿಡಿಯೊ ಇದೆ, ಮೂವರು ಜಾಬ್ ಕಾರ್ಡ್‌ದಾರರು ಮಾತಾಡಿದ್ದಾರೆ.
ಪಿಡಿಒ ಮಾತು ಸಿಕ್ಕಿಲ್ಲ, ಮಧ್ಯಾಹ್ನ ಪಂಚಾಯ್ತಿಗೆ ಹೋಗುತ್ತೇವೆ.
ಆರೋಪದ ಸುದ್ದಿ. ನೀವು ಹೂಂ ಅಂದರೆ ಮಾತ್ರ ಕಳಿಸುತ್ತೇವೆ.’

ಕೈಯಲ್ಲಿ ಏನಿದೆ, ಏನಿಲ್ಲ, ಮುಂದೆ ಏನು ಮಾಡುತ್ತೇವೆ. ಮೂರು ಸಾಲಿನಲ್ಲಿ ಇಷ್ಟೇ ಇರಬೇಕು. ಸಂಜೆ 4.40ಕ್ಕೆ ಉತ್ತರ ಬಂತು: ‘3. ಪಿಡಿಒ, ಎನ್‌ಎಂಆರ್.’ ಇವತ್ತು ಬೇಡ, ಪಿಡಿಒ ಮಾತು ಪಡೆಯಿರಿ, ಹಾಜರಿ ಪಟ್ಟಿ ನೋಡಿ ಎಂದು ಅರ್ಥ. ಅವರ ಲೆಕ್ಕದಲ್ಲಿ ಇದು ದೊಡ್ಡ ಭಾಷಣ.

ಆ ದಿನ ಸಭೆಗೆ ಹೋಗಿದ್ದ ಪಿಡಿಒ ಮರುದಿನ ಸಿಕ್ಕರು. ಜೆಸಿಬಿ ನರೇಗಾದ್ದಲ್ಲ, ಒಬ್ಬ ರೈತರು ತಮ್ಮ ಹೊಲಕ್ಕೆ ಗೋಡು ಸಾಗಿಸಲು ಸ್ವಂತ ಖರ್ಚಿನಲ್ಲಿ ತರಿಸಿದ್ದರು ಎಂದರು. ಆ ರೈತರೂ ಹೌದು ಅಂದರು. ಆದರೆ ಅದೇ ದಿನಗಳ ಹಾಜರಿ ಪಟ್ಟಿ ನೋಡಿದಾಗ, ಅದರಲ್ಲಿ ಹೆಸರಿದ್ದ ಇಬ್ಬರು ‘ನಾವು ಆ ವಾರ ಕೆಲಸಕ್ಕೇ ಹೋಗಿಲ್ಲ’ ಅಂದರು. ಸುದ್ದಿ ಜೆಸಿಬಿಯಿಂದ ಹಾಜರಿ ಪಟ್ಟಿಗೆ ತಿರುಗಿತು. ಆ ಸಂಜೆ ಸರ್ 2 ಹಾಕಿದರು. ಹಾಜರಿ ಪರಿಶೀಲಿಸುತ್ತೇವೆ ಎಂಬ ಪಿಡಿಒ ಮಾತಿನ ಸಮೇತ ಇನ್ನೂರು ಪದ ಬಂತು. ಹಿಂದಿನಂತೆ ಬರೀ ನೀಲಿ ಟಿಕ್ ಬಂದಿದ್ದರೆ, ನಾವು ಎರಡನೇ ಸಲ ಆ ಊರಿಗೆ ಪೆಟ್ರೋಲು ಸುಡುವ ಧೈರ್ಯ ಮಾಡುತ್ತಿದ್ದೆವೋ ಇಲ್ಲವೋ.

ಅಡಚಣೆಗಳೂ ಬಂದವು. ಒಂದು ಮೆಸೇಜಿನಲ್ಲಿ ನಾಲ್ಕು ಸುದ್ದಿ ತುಂಬಿದರೆ 2 ಅನ್ನುವುದು ಯಾವುದಕ್ಕೆ ಎಂದು ತಿಳಿಯುವುದಿಲ್ಲ. ಅದಕ್ಕೇ ಒಂದು ಸುದ್ದಿಗೆ ಒಂದು ಮೆಸೇಜು, ಸರ್ ಅದನ್ನೇ ಎಳೆದು ರಿಪ್ಲೈ ಮಾಡುತ್ತಾರೆ. ಹಬ್ಬದ ವಾರ ಪುಟದ ತುಂಬ ಶುಭಾಶಯದ ಜಾಹೀರಾತು. ಡಮ್ಮಿ ತಡವಾಗಿ ಬರುತ್ತದೆ, ನಂಬರೂ ತಡ. ಆ ವಾರಗಳಲ್ಲಿ ಒಬ್ಬರು ದಿನಕ್ಕೆ ಒಂದೇ ಸುದ್ದಿ ಕಳಿಸುವುದು ಎಂದು ಆಮೇಲೆ ಸೇರಿಸಿಕೊಂಡೆವು. ವ್ಯವಸ್ಥೆ ಸಡಿಲವಾಗುತ್ತಿದೆಯೇ ಎಂದು ತಿಳಿಯಲು ಸಂಜೆಯ ಫೋನುಗಳನ್ನು ನೋಡುತ್ತೇವೆ. ‘ನನ್ನ ಸುದ್ದಿ ಏನಾಯ್ತು’ ಎಂಬ ಕರೆಗಳು ಮತ್ತೆ ಹೆಚ್ಚಾದರೆ ಎಲ್ಲೋ ನಂಬರ್ ತಪ್ಪುತ್ತಿದೆ ಎಂದೇ ಅರ್ಥ. ಆಗ ಮುಂದಿನ ಭಾನುವಾರ ಐದು ನಿಮಿಷ ಕೇಳುತ್ತೇವೆ.

ಇದರಿಂದ ಆಗದ್ದೂ ಇದೆ. ಸರ್ ಮಾತುಗಾರರಾಗಲಿಲ್ಲ, ನಮ್ಮ ರೇಟೂ ಏರಲಿಲ್ಲ. ನಂಬರಿನಿಂದ ಹೊಸಬರಿಗೆ ಬರವಣಿಗೆ ಬರುವುದಿಲ್ಲ. ಅದಕ್ಕೆ ನಾವು ಕಳಿಸಿದ ಪ್ರತಿಯನ್ನೂ ಅಚ್ಚಾದ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು, ಡೆಸ್ಕಿನವರು ಏನು ಕತ್ತರಿಸಿದರು ಎಂದು ನೋಡುವುದೇ ದಾರಿ. ಸರ್ ಬಾಯಲ್ಲಿ ಹೇಳದೆ ಇದ್ದದ್ದರಲ್ಲಿ ಬಹಳಷ್ಟು ಆ ಕತ್ತರಿಯಲ್ಲಿ ಸಿಗುತ್ತದೆ.

ಆ ಹಾಳೆ ಈಗ ನಮ್ಮ ಗ್ರೂಪಿನಲ್ಲಿ ಪಿನ್ ಆಗಿದೆ. ಬ್ಯೂರೋ ಮುಖ್ಯಸ್ಥರಿಗೆ ವರ್ಗಾವಣೆ ಆಗುತ್ತಲೇ ಇರುತ್ತದೆ. ಹೊಸಬರು ಬಂದ ಮೊದಲ ವಾರವೇ ಅದನ್ನು ಅವರ ಮುಂದೆ ಇಟ್ಟು, ‘ಸರ್, ಇಲ್ಲಿತನಕ ಹೀಗೆ ನಡೆದಿದೆ, ನಿಮಗೆ ಏನು ಬದಲಾಗಬೇಕು?’ ಎಂದು ಕೇಳುವುದು ಎಂದು ಮಾತಾಡಿಕೊಂಡಿದ್ದೇವೆ.

ಊರಿನ ಸುದ್ದಿ ಕಳಿಸುವ ನಿಮಗೂ ಇದರಿಂದ ಒಂದು ಅನುಕೂಲ ಇದೆ. ಬೆಳಿಗ್ಗೆ 10ರೊಳಗೆ ತಿಳಿಸಿದರೆ ಅಂದಿನ ಪಟ್ಟಿಗೆ ಸೇರುತ್ತದೆ. ಯಾರದಾದರೂ ಮೇಲೆ ದೂರು ಇದ್ದರೆ, ಆ ಕಡೆಯವರ ಮಾತು ಸಿಗುವ ತನಕ ಅದು 3ರಲ್ಲೇ ಇರುತ್ತದೆ. ಮರುದಿನ ಪೇಪರಿನಲ್ಲಿ ಕಾಣಲಿಲ್ಲ ಎಂದು ಬಿಟ್ಟುಬಿಡಬೇಡಿ, ಸಂಜೆ 7.30ರ ಮೇಲೆ ಒಂದು ಫೋನ್ ಮಾಡಿ. ಎಲ್ಲಿ ನಿಂತಿದೆ ಎಂದು ಈಗ ನಮಗೆ ಗೊತ್ತಿರುತ್ತದೆ, ಹೇಳುತ್ತೇವೆ.