‘ಇಲ್ಲಿ ಒತ್ತಿ’ ಅಂದ್ರೆ ಎಲ್ಲಿ?

ಜರ್ಮನಿಗೆ ಬಂದವರಿಗೆಲ್ಲ ಆನ್ಮೆಲ್ಡುಂಗ್ ಗೊತ್ತು. ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ನಮ್ಮ ಸಂಘದ ವೆಬ್‌ಸೈಟ್‌ನಲ್ಲಿ ಇದಕ್ಕೆ ಅಂತಲೇ ಒಂದು ಪುಟ ಇದೆ. ಕಳೆದ ವರ್ಷ ವೆಬ್‌ಸೈಟ್ ನನ್ನ ಕೈಗೆ ಬಂದಾಗ, ಬೇರೆ ಪುಟಗಳಿಂದ ಅಲ್ಲಿಗೆ ಹೋಗುವ ಲಿಂಕ್‌ಗಳು ಎರಡು ಥರ ಇದ್ದವು. ಅರ್ಧ ‘ಇಲ್ಲಿ ಒತ್ತಿ’. ಇನ್ನರ್ಧ ಒಂದೇ ಅಚ್ಚಿನವು: ‘ಜರ್ಮನಿ ಆನ್ಮೆಲ್ಡುಂಗ್ ವಿಳಾಸ ನೋಂದಣಿ ವಿದ್ಯಾರ್ಥಿ ಮಾಹಿತಿ’. ಎರಡನೆಯದು ಗೂಗಲ್‌ಗಾಗಿ ಬರೆದದ್ದು. ಆದರೆ ಲಿಂಕ್‌ನ ಪದಗಳಲ್ಲಿ ಕೀವರ್ಡ್ ತುರುಕಬೇಡಿ ಅಂತ ಗೂಗಲ್ಲೇ ಹೇಳುತ್ತದೆ.

ಸಂಘದಲ್ಲಿ ಕಣ್ಣು ಕಾಣದ ಗೆಳೆಯರೊಬ್ಬರಿದ್ದಾರೆ. ಅವರು ಸ್ಕ್ರೀನ್ ರೀಡರ್‌ನಲ್ಲಿ ಪುಟದ ಲಿಂಕ್‌ಗಳನ್ನಷ್ಟೇ ಪಟ್ಟಿ ಮಾಡಿ ಕೇಳುತ್ತಾರೆ. ಆ ಪಟ್ಟಿಯಲ್ಲಿ ಸುತ್ತಲಿನ ವಾಕ್ಯ ಇರುವುದಿಲ್ಲ. ‘ಇಲ್ಲಿ ಒತ್ತಿ, ಇಲ್ಲಿ ಒತ್ತಿ’ ಅಂತ ಕೇಳಿದರೆ ಯಾವುದು ಎಲ್ಲಿಗೆ ಅಂತ ತಿಳಿಯುವುದು ಹೇಗೆ? ಅವರು ಕೇಳುವ ಹಾಗೆ ಬರೀ ಲಿಂಕ್‌ಗಳನ್ನು ಓದಿ ನೋಡುವುದೇ ನಮ್ಮ ಪರೀಕ್ಷೆ ಆಯಿತು.

ಹಾಗಂತ ಬೇರೆ ಬೇರೆ ಪದ ಹುಡುಕುತ್ತಾ ಕೂರಲಿಲ್ಲ. ಓದುವವರು ಆ ಜಾಗದಲ್ಲಿ ಯಾಕೆ ನಿಂತಿದ್ದಾರೆ ಅಂತ ಕೇಳಿಕೊಂಡರೆ ಪದ ತಾನಾಗಿ ಬದಲಾಗುತ್ತದೆ. ಬಾಡಿಗೆಯ ಪುಟದಲ್ಲಿ ಹೀಗೆ ಬರೆದೆವು: ಸಹಿ ಹಾಕುವ ಮೊದಲೇ ‘ವಿಳಾಸ ನೋಂದಣಿಗೆ ಮನೆ ಮಾಲೀಕರು ಕೊಡಬೇಕಾದ ಪತ್ರ’ ಸಿಗುತ್ತದಾ ಅಂತ ಕೇಳಿ. ಪಾರ್ಟ್‌ಟೈಮ್ ಕೆಲಸದ ಪುಟದಲ್ಲಿ: ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರಬೇಕಾದರೆ ಮೊದಲು ‘ವಿಳಾಸ ನೋಂದಣಿ ಮಾಡಿಸುವ ಕ್ರಮ’ ನೋಡಿಕೊಳ್ಳಿ. ಮನೆ ಬದಲಿಸುವವರ ಪುಟದಲ್ಲಿ: ಅದೇ ಊರಲ್ಲೇ ಇದ್ದರೂ ‘ಹೊಸ ವಿಳಾಸವನ್ನು ಮತ್ತೆ ನೋಂದಾಯಿಸಬೇಕು’. ಉಲ್ಲೇಖ ಚಿಹ್ನೆಯೊಳಗಿನ ಪದಗಳಷ್ಟೇ ಲಿಂಕ್.

ಕೆಲಸದ ಪುಟದಲ್ಲಿ ‘ತೆರಿಗೆ ಸಂಖ್ಯೆ’ ಅನ್ನುವುದನ್ನೇ ಲಿಂಕ್ ಮಾಡಬಹುದಿತ್ತು. ಮಾಡಲಿಲ್ಲ. ಅದನ್ನು ಒತ್ತಿದವರು ತೆರಿಗೆಯ ಪುಟ ನಿರೀಕ್ಷಿಸಿ, ನೋಂದಣಿಯ ಪುಟ ಕಂಡು ವಾಪಸ್ ಹೋಗುತ್ತಾರೆ. ಲಿಂಕ್ ಹೇಳಿದ್ದು ಆಚೆ ಕಡೆ ಸಿಗಬೇಕು.

ಪದ ಬದಲಿಸುವುದಕ್ಕೂ ಮಿತಿ ಇದೆ. ಹೆಸರು ಪೂರ್ತಿ ಬೇರೆಯಾದರೆ ಇವು ಮೂರು ಬೇರೆ ಪುಟಗಳೇನೋ ಅನಿಸುತ್ತದೆ. ಅದಕ್ಕೇ ಮೂರರಲ್ಲೂ ವಿಳಾಸ ಮತ್ತು ನೋಂದಣಿ ಉಳಿದಿವೆ. ಮೇಲಿನ ಮೆನುವಿನಲ್ಲಂತೂ ಎಲ್ಲ ಪುಟದಲ್ಲೂ ‘ವಿಳಾಸ ನೋಂದಣಿ’ ಅಂತ ಒಂದೇ ಹೆಸರು. ಅಲ್ಲಿ ಬದಲಿಸಿದರೆ ಗೊಂದಲ. ಎರಡು ಬೇರೆ ಪುಟಗಳಿಗೆ ಒಂದೇ ಹೆಸರು ಕೊಡುವುದು ಇನ್ನೂ ಕೆಟ್ಟದ್ದು.

ಕನ್ನಡದಲ್ಲಿ ಇನ್ನೊಂದು ಸಣ್ಣ ವಿಷಯ. ‘ನೋಂದಣಿಗೆ’ ಅನ್ನುವಲ್ಲಿ ‘ನೋಂದಣಿ’ಯನ್ನಷ್ಟೇ ಲಿಂಕ್ ಮಾಡಿ ‘ಗೆ’ಯನ್ನು ಹೊರಗೆ ಬಿಟ್ಟರೆ ಪದ ಅರ್ಧ ನೀಲಿ, ಅರ್ಧ ಕಪ್ಪು. ಪ್ರತ್ಯಯವೂ ಲಿಂಕ್‌ನೊಳಗೇ ಇರಲಿ.